ಬ್ಯಾರನ್ನಿಗೆ ಬೆಂಕಿ ಇಟ್ಟ ವಾರ

ಹುಣಸೂರು, ಪಿರಿಯಾಪಟ್ಟಣದ ಕಡೆ ಜುಲೈ ತಿಂಗಳಿಂದ ಸೆಪ್ಟೆಂಬರ್ ಕಳೆಯುವ ತನಕ ಹೊಗೆಸೊಪ್ಪಿನ ರೈತನೊಬ್ಬ 'ಭಾನುವಾರ ಖಂಡಿತ ಬತ್ತೀನಿ' ಅಂದರೆ ಆ ಮಾತು ಅವನ ಕೈಯಲ್ಲಿ ಇಲ್ಲ. ಎಲೆ ಯಾವತ್ತು ಹಣ್ಣಾಗುತ್ತದೆ ಅನ್ನುವುದನ್ನು ಮಳೆ ತೀರ್ಮಾನಿಸುತ್ತದೆ. ನಾಲ್ಕು ದಿನ ಬಿಸಿಲು ಕಾದರೆ ಕೆಳಗಿನ ಎಲೆಗಳು ಒಟ್ಟಿಗೇ ಹಳದಿಗೆ ತಿರುಗಿ ಇವತ್ತೇ ಮುರಿಯಬೇಕು ಅನ್ನುತ್ತವೆ. ಹಣ್ಣಾಗುತ್ತಿದ್ದ ಎಲೆಯ ಮೇಲೆ ಜೋರು ಮಳೆ ಬಿದ್ದರೆ ಅದು ಮತ್ತೆ ಹಸುರಾಗಿ ನಿಂತು, ಮುರಿಯುವ ದಿನ ಮುಂದಕ್ಕೆ ಹೋಗುತ್ತದೆ. ಕಡ್ಡಿಗೆ ಕಟ್ಟುವ ಹೆಣ್ಣಾಳುಗಳು ಊರಿನ ಎಲ್ಲರಿಗೂ ಒಂದೇ ವಾರ ಬೇಕು. ಸ್ವಂತ ಬ್ಯಾರನ್ ಇಲ್ಲದೆ ಬಾಡಿಗೆಗೆ ಹಿಡಿದವನಿಗಂತೂ ಸರದಿಯೂ ಇನ್ನೊಬ್ಬರದೇ. ಇಂಥ ಮೂರು ತಿಂಗಳಲ್ಲಿ ಗೆಳೆಯನಿಗೆ ಕೊಟ್ಟ ಮಾತು ಒಮ್ಮೆ ಮುರಿಯುವುದು ಸಹಜ. ಎರಡನೆಯ ಸಲವೂ ಮುರಿದಾಗ ಏನು ಮಾಡಬೇಕು ಅನ್ನುವುದೇ ನನ್ನನ್ನು ಕಾಡುವ ವಿಷಯ.

ನನ್ನ ಗೆಳೆಯ ಕೆ.ಆರ್. ನಗರ ತಾಲ್ಲೂಕಿನವನು, ಭತ್ತದ ರೈತ. ಅವನ ಕೆಲಸ ನಾಲೆಯ ನೀರಿಗೆ ಕಟ್ಟುಬಿದ್ದಿದೆ, ನನ್ನದು ಬೆಂಕಿಗೆ. ಆದ್ದರಿಂದ ಕೆಲಸ ಇದೆ ಅಂದರೆ ಅವನಿಗೆ ಅರ್ಥವಾಗುತ್ತದೆ. ಆದರೂ ಅರ್ಥವಾಗುವುದೇ ಬೇರೆ, ನೋವಾಗದಿರುವುದೇ ಬೇರೆ. ಅವನು ಹುಂಜ ಹೇಳಿಟ್ಟಿರುತ್ತಾನೆ, ಅತ್ತಿಗೆ ಮಸಾಲೆ ಹುರಿದಿಟ್ಟಿರುತ್ತಾರೆ, ಮಕ್ಕಳಿಗೆ 'ಮಾವ ಬತ್ತಾರೆ' ಅಂತ ಹೇಳಿ ಆಗಿರುತ್ತದೆ. ನಾನು ಬರುವುದಿಲ್ಲ ಅಂದಾಗ ಆ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ವ್ಯರ್ಥವಾಗುತ್ತದೆ.

ಇಲ್ಲಿ ಬ್ಯಾರನ್ನಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳವಾರ ಬೆಳಿಗ್ಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸಂಜೆಗೆ ಬ್ಯಾರನ್ನಿಗೆ ಏರಿಸಿ ಬೆಂಕಿ ಇಟ್ಟೆವು ಅನ್ನೋಣ. ಮೊದಲ ಒಂದೂವರೆ ಎರಡು ದಿನ ಸಣ್ಣ ಬೆಂಕಿ. ಥರ್ಮಾಮೀಟರ್ 95 ರಿಂದ 105 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಇರಬೇಕು, ಗಾಳಿಕಿಂಡಿಗಳು ಮುಚ್ಚಿರಬೇಕು. ಎಲೆ ಇನ್ನೂ ಜೀವಂತವಿದ್ದು ತನ್ನಷ್ಟಕ್ಕೆ ಹಳದಿಯಾಗುವ ಹೊತ್ತು ಅದು. ಆಮೇಲೆ, ಗುರುವಾರ ರಾತ್ರಿಯಿಂದ ಶನಿವಾರದ ತನಕ, ಬಣ್ಣ ಕೂರುವ ಹೊತ್ತು. ಶಾಖವನ್ನು ಗಂಟೆಗಂಟೆಗೂ ಸ್ವಲ್ಪಸ್ವಲ್ಪ ಏರಿಸುತ್ತ, ಕಿಂಡಿಗಳನ್ನು ಬೆರಳಗಲ ಬೆರಳಗಲ ತೆರೆಯುತ್ತ ಹೋಗಬೇಕು. ಅವಸರಪಟ್ಟು ಏರಿಸಿದರೆ ಹಸುರು ಅಲ್ಲೇ ಅಚ್ಚೊತ್ತಿ ನಿಲ್ಲುತ್ತದೆ. ಕಿಂಡಿ ತೆರೆಯಲು ತಡವಾದರೆ ತೇವ ಹೊರಹೋಗದೆ ಎಲೆ ಕಂದುತ್ತದೆ. ಎರಡೂ ಹರಾಜಿನಲ್ಲಿ ಕೆಳಗಿನ ದರ್ಜೆಗೆ ಬೀಳುವ ಸೊಪ್ಪೇ. ಎಲೆಯ ಅಗಲ ಒಣಗಿದ ಮೇಲೆ ನಡುನರ ಒಣಗಬೇಕು. ಅದಕ್ಕೆ ಶಾಖ 160 ಡಿಗ್ರಿಯವರೆಗೆ ಹೋಗುತ್ತದೆ. ಅಲ್ಲಿ ಲೆಕ್ಕಾಚಾರ ಕಡಿಮೆ, ಎಚ್ಚರ ಜಾಸ್ತಿ. ನಿದ್ದೆ ಹತ್ತಿ ಬೆಂಕಿ ಇಳಿದರೆ ನರದೊಳಗಿನ ನೀರು ಒಣಗಿದ ಎಲೆಗೆ ವಾಪಸು ಹರಿದು ನರದ ಉದ್ದಕ್ಕೂ ಕಪ್ಪು ಬರೆ ಎಳೆಯುತ್ತದೆ. ಕಾದ ಕೊಳವೆಯ ಮೇಲೆ ಒಣಗಿದ ಎಲೆಯೊಂದು ಕಳಚಿ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಅದನ್ನು ನಮ್ಮ ಕಡೆ ಕಣ್ಣಾರೆ ಕಂಡವರು ಬಹಳ ಜನ ಇದ್ದಾರೆ.

ಬೆಂಕಿ ಆರಿಸುವುದು ಸೋಮವಾರಕ್ಕೆ. ಆಗ ಎಲೆ ಹಪ್ಪಳ, ಮುಟ್ಟಿದರೆ ಪುಡಿ. ರಾತ್ರಿ ಬಾಗಿಲು ತೆಗೆದಿಟ್ಟು ಇಬ್ಬನಿಯ ಗಾಳಿ ಕುಡಿಸಿ, ಹದಕ್ಕೆ ಬಂದ ಮೇಲೆ ಇಳಿಸಬೇಕು. ಅಂದರೆ ಮಂಗಳವಾರ ಬೆಂಕಿ ಇಟ್ಟವನು ಮುಂದಿನ ಮಂಗಳವಾರದ ತನಕ ಆ ಅಂಗಳ ಬಿಟ್ಟು ಹೋಗುವಂತಿಲ್ಲ.

ಈಗ ಭಾನುವಾರದ ಊಟದ ವಿಷಯ. ಅದು ಆಗುವುದಿಲ್ಲ ಅನ್ನುವುದು ನನಗೆ ಗೊತ್ತಾಗುವುದು ಯಾವಾಗ? ಶನಿವಾರ ರಾತ್ರಿಯಲ್ಲ, ಮಂಗಳವಾರ ಸಂಜೆ, ಒಲೆಗೆ ಮೊದಲ ಸೌದೆ ಹಾಕಿದ ಗಳಿಗೆಯಲ್ಲಿ. ಸ್ನೇಹ ಉಳಿಯುವುದೂ ಕೆಡುವುದೂ ಮುಖ್ಯವಾಗಿ ಇಲ್ಲೇ ಎಂದು ನನ್ನ ನಂಬಿಕೆ. ತಮ್ಮನನ್ನು ಕೂರಿಸಿ ಎರಡು ಗಂಟೆ ಹೋಗಿಬರಬಹುದೇನೋ, ಈ ಸಲ ಸೊಪ್ಪು ಬೇಗ ಒಣಗಬಹುದೇನೋ ಎಂದು ಮನಸ್ಸು ನಾಲ್ಕು ದಿನ ತೂಗಾಡುತ್ತದೆ. ಹೋಗಬೇಕೆಂಬ ಆಸೆಯೇ ಹೇಳುವುದನ್ನು ತಡಮಾಡಿಸುತ್ತದೆ. ಆದರೆ ಎದುರಿನವನೂ ರೈತ. ಮುಂದೊಂದು ದಿನ ಮಾತಿಗೆ ಮಾತು ಬಂದು 'ಯಾವತ್ತು ಏರಿಸಿದ್ದೆ?' ಅಂತ ಕೇಳಿ, 'ಮಂಗಳವಾರ' ಅಂತ ಉತ್ತರ ಬಂದರೆ, ಅವನು ಬೆರಳು ಮಡಚಿ ಲೆಕ್ಕ ಹಾಕಿಬಿಡುತ್ತಾನೆ. ನಾಲ್ಕು ದಿನ ಗೊತ್ತಿದ್ದೂ ಹೇಳಲಿಲ್ಲ ಅನ್ನುವುದು, ಬರಲಿಲ್ಲ ಅನ್ನುವುದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಹಾಗಾಗಿ ಮೊನ್ನೆಯ ಹಂಗಾಮಿನಲ್ಲಿ, ಹಿಂದಿನ ಸಲ ಮಳೆಯಿಂದ ತಪ್ಪಿಹೋಗಿದ್ದ ಊಟ ಮತ್ತೊಮ್ಮೆ ತಪ್ಪುವುದು ಖಚಿತವಾದ ಸಂಜೆ, ಕೈ ತೊಳೆದವನೇ ಫೋನ್ ಮಾಡಿದೆ. ಮೆಸೇಜು ಕಳಿಸಲಿಲ್ಲ. ಎರಡನೆಯ ಸಲ ತಪ್ಪಿಸುವಾಗ ದನಿ ಕೇಳಿಸಬೇಕು. ಹೇಳಿದ್ದು ಇಷ್ಟು: 'ಈಗ ತಾನೇ ಬೆಂಕಿ ಇಟ್ಟೆ ಕಣ್ಲಾ. ಎರಡನೇ ಮುರಿತದ ಸೊಪ್ಪು. ಭಾನುವಾರ ನರ ಒಣಗೋ ಹೊತ್ತು, ನಾನು ಬರೋಕಾಗಲ್ಲ. ಹುಂಜಕ್ಕೆ ಹೇಳಿದ್ರೆ ಬ್ಯಾಡ ಅಂದ್ಬುಡು. ಅತ್ತಿಗೆಗೆ ಫೋನ್ ಕೊಡು, ನಾನೇ ಹೇಳ್ತೀನಿ.'

ಈ ಮಾತಿನಲ್ಲಿ 'ಕೆಲಸ ಜಾಸ್ತಿ' ಅನ್ನುವುದು ಎಲ್ಲೂ ಇಲ್ಲ, ಬೇಕೆಂದೇ ಬಿಟ್ಟಿದ್ದೆ. ಕೆಲಸ ಜಾಸ್ತಿ ಅಂದರೆ ಯಾರಿಗಿಲ್ಲ ಅನ್ನಿಸುತ್ತದೆ. ನಿನಗಿಂತ ನನ್ನ ಕೆಲಸ ದೊಡ್ಡದು ಅಂದಂತೆಯೂ ಕೇಳುತ್ತದೆ. ಯಾವ ಕೆಲಸ, ಯಾವ ಹಂತ ಅಂತ ಹೇಳಿದರೆ ಅವನು ಮನಸ್ಸಿನಲ್ಲೇ ನನ್ನ ಬ್ಯಾರನ್ನಿನ ಮುಂದೆ ಬಂದು ನಿಲ್ಲುತ್ತಾನೆ. ಅತ್ತಿಗೆಯ ಹತ್ತಿರ ನಾನೇ ಮಾತಾಡಿದ್ದಕ್ಕೂ ಕಾರಣವಿದೆ. ನಾವು ತಪ್ಪಿಸಿದ್ದನ್ನು ತನ್ನ ಮನೆಯವರಿಗೆ ವಿವರಿಸುವ ಹೊರೆ ಗೆಳೆಯನ ಮೇಲೆ ಬೀಳುತ್ತದೆ. ನಮ್ಮ ಪರವಾಗಿ ಅವನು ಎಷ್ಟು ಸಲ ತಾನೇ ವಾದಿಸಿಯಾನು? ಆ ಹೊರೆಯನ್ನಾದರೂ ನಾವು ಹೊರಬೇಕು.

ಮುಂದಿನ ದಿನ ಗೊತ್ತುಮಾಡುವುದು ಇನ್ನೂ ಸೂಕ್ಷ್ಮ. ಬೇಜಾರು ಮುಚ್ಚಲು ಅಲ್ಲೇ 'ಮುಂದಿನ ಭಾನುವಾರ ಗ್ಯಾರಂಟಿ' ಅನ್ನುವುದು ಸುಲಭ. ಆದರೆ ಹೊಗೆಸೊಪ್ಪಿನವನು ಹಂಗಾಮಿನಲ್ಲಿ ವಾರದ ಹೆಸರು ಹಿಡಿದು ಮಾತು ಕೊಡಲೇಬಾರದು. ಒಂದು ಲೋಡು ಇಳಿದ ಮೇಲೆ ಮುಂದಿನ ಮುರಿತಕ್ಕೆ ಮುಂಚೆ ಒಂದೆರಡು ದಿನ ಬಿಡುವು ಸಿಕ್ಕರೂ ಸಿಕ್ಕಬಹುದು, ಅದೂ ಮಳೆ ಒಪ್ಪಿದರೆ. ಆದ್ದರಿಂದ ನಾನು 'ಬೆಂಕಿ ಆರಿಸಿದ ದಿನ ಫೋನ್ ಮಾಡ್ತೀನಿ, ಸೊಪ್ಪು ಇಳಿಸಿದ ಮಾರನೇ ಸಂಜೆ ನಾನೇ ಬತ್ತೀನಿ, ಅಡುಗೆ ಏನೂ ಮಾಡಬ್ಯಾಡಿ' ಅಂತ ಹೇಳಿದೆ. ಅಡುಗೆ ಬೇಡ ಅನ್ನುವುದು ಮುಖ್ಯ. ಎರಡು ಸಲ ಸಿದ್ಧತೆ ಹಾಳಾದ ಮನೆಗೆ ಮೂರನೇ ಸಲ ಸಿದ್ಧತೆ ಮಾಡಿಸಬಾರದು. ಬಾಡೂಟ ಹಂಗಾಮು ಮುಗಿದ ಮೇಲೆ ಆಗಲಿ. ಆ ನಡುವೆ ಅರ್ಧ ಗಂಟೆ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಬಂದರೂ ಮಾತು ಉಳಿದಂತಾಯಿತು.

ಇನ್ನೊಂದು ದಾರಿಯೂ ಇದೆ, ನಮ್ಮ ಕಡೆ ಹಳಬರು ಅದನ್ನೇ ಮಾಡುತ್ತಿದ್ದರು: ಗೆಳೆಯನನ್ನು ಬ್ಯಾರನ್ನಿಗೇ ಕರೆಯುವುದು. ಬೆಂಕಿ ಕಾಯುವ ರಾತ್ರಿಗೆ ಜೊತೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆಂಡದಲ್ಲಿ ಗೆಣಸು ಸುಟ್ಟು ತಿನ್ನುತ್ತ ಊರ ಸುದ್ದಿಯೆಲ್ಲ ಮುಗಿಯುತ್ತದೆ. ಆದರೆ ಯಾವ ರಾತ್ರಿ ಕರೆಯಬೇಕು ಅನ್ನುವುದು ತಿಳಿದಿರಬೇಕು. ಬಣ್ಣ ಕೂರುವ ರಾತ್ರಿ ಕರೆಯಬಾರದು. ಆ ಹೊತ್ತು ಕಣ್ಣು ಥರ್ಮಾಮೀಟರಿನಲ್ಲಿ, ಕೈ ಕಿಂಡಿಯಲ್ಲಿ, ಅವನ ಮಾತಿಗೆ ಹೂಂಗುಟ್ಟುವುದಷ್ಟೇ ಆಗುತ್ತದೆ. ಅಷ್ಟು ದೂರ ಬಂದವನಿಗೆ ಅದು ಬರಲಿಲ್ಲ ಅನ್ನುವುದಕ್ಕಿಂತ ದೊಡ್ಡ ಅವಮಾನ. ನರ ಒಣಗುವ ರಾತ್ರಿ ಕರೆಯಬೇಕು. ಆಗ ಸೌದೆ ಹಾಕುತ್ತ ಎಚ್ಚರವಾಗಿದ್ದರೆ ಆಯಿತು, ಮನಸ್ಸು ಪೂರ್ತಿ ಗೆಳೆಯನಿಗೆ ಸಿಗುತ್ತದೆ. ಅವನಿಗೆ ಅಲ್ಲೇ ಮಲಗಲು ಚಾಪೆ, ಕಂಬಳಿ ಇರಬೇಕು. ಎಚ್.ಡಿ. ಕೋಟೆಯ ಕಾಡಂಚಿನಿಂದ ಬರುವವನಾದರೆ ಕತ್ತಲಾದ ಮೇಲೆ ವಾಪಸು ಹೋಗೆನ್ನುವ ಮಾತೇ ಇಲ್ಲ, ಆನೆ ಓಡಾಡುವ ದಾರಿ. ನನ್ನ ಗೆಳೆಯನನ್ನು ಆ ಭಾನುವಾರ ಕರೆದೆ. 'ಗದ್ದೆಗೆ ನೀರು ಬಿಟ್ಟವ್ರೆ, ಸೋಮವಾರ ನಾಟಿ. ನಾನೂ ಬರೋಕಾಗಲ್ಲ ಬಿಡು' ಅಂದ. ಅವನಿಗೆ ಬರಲಾಗಲಿಲ್ಲ ನಿಜ. ಆದರೆ ಕರೆದ ಮೇಲೆ ತಪ್ಪಿಸಿದವನು ನಾನೊಬ್ಬನೇ ಆಗಿ ಉಳಿಯಲಿಲ್ಲ, ಅದು ಅವನ ದನಿಯಲ್ಲೇ ಗೊತ್ತಾಯಿತು.

ಹರಾಜಿನ ದಿನಗಳ ವಿಷಯ ಸ್ವಲ್ಪ ಹಗುರ. ತಂಬಾಕು ಮಂಡಳಿಯ ಹರಾಜು 1984 ರಲ್ಲಿ ಶುರುವಾದದ್ದು ಕರ್ನಾಟಕದಲ್ಲೇ. ಆವತ್ತಿನಿಂದ ಮಾರುವ ದಿನ ನಮ್ಮಿಷ್ಟದ್ದಲ್ಲ, ಯಾವ ಊರಿನವರು ಯಾವತ್ತು ಬೇಲು ತರಬೇಕು ಅನ್ನುವ ಸರದಿ ಮೊದಲೇ ಗೊತ್ತಾಗುತ್ತದೆ. ಗೊತ್ತಾದ ದಿನವೇ ಗೆಳೆಯನಿಗೂ ಹೇಳಿಬಿಟ್ಟರೆ ಆಯಿತು. ಆ ಸಂಜೆಗೆ ಮಾತ್ರ ಯಾವ ಮಾತೂ ಕೊಡಬಾರದು. ಬೆಲೆ ಬೀಳದೆ ಬೇಲು ವಾಪಸು ತಂದವನು ಯಾರ ಮನೆಯಲ್ಲಿ ಕೂತರೂ ಕೂತಂತಿರುವುದಿಲ್ಲ.

ತಪ್ಪಿಸಿದ್ದನ್ನು ತೀರಿಸುವುದಕ್ಕೆ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇದ್ದೇ ಇದೆ. ಅವರ ಹೊಲಕ್ಕೆ ನಾವು ಹೋದಷ್ಟು ದಿನ ನಮ್ಮ ಹೊಲಕ್ಕೆ ಅವರು ಬರುತ್ತಾರೆ. ಸಾಲ ತೀರುವುದು ಸಾಲ ಕೊಟ್ಟವರಿಗೆ ಬೇಕಾದ ದಿನ, ತೀರಿಸುವವನಿಗೆ ಬಿಡುವಾದ ದಿನವಲ್ಲ. ತಪ್ಪಿದ ಊಟಕ್ಕೂ ಅದೇ ಲೆಕ್ಕ ಹಿಡಿಯುತ್ತೇನೆ. ನನಗೆ ಬಿಡುವಾದ ಭಾನುವಾರ ಅವನಿಗೆ ಬೇಕಿರಲಿಕ್ಕಿಲ್ಲ. ಅವನಿಗೆ ಆಳು ಬೇಕಾಗುವುದು ಡಿಸೆಂಬರಿನ ಹೊತ್ತಿಗೆ, ಭತ್ತ ಕೊಯ್ಲಿಗೆ ಬಂದು, ಕಟಾವಿನ ಮಿಷನ್ ಇವತ್ತೋ ನಾಳೆಯೋ ಅಂತ ಕಾಯಿಸುವಾಗ. ಆ ವಾರ ನನ್ನ ಹರಾಜಿನ ಸರದಿ ಇಲ್ಲದ ದಿನ ನೋಡಿ ಅವನ ಗದ್ದೆಗೆ ಹೋಗಿ ಮೂಟೆ ಹೊತ್ತು ಬರುತ್ತೇನೆ.

ಡಿಸೆಂಬರಿನಲ್ಲಿ ಮಾತು ತಪ್ಪಿಸುವ ಸರದಿ ಅವನದು. ಸಂಜೆ ಹುಣಸೂರಿನಲ್ಲಿ ಸಿಗೋಣ ಅಂದವನು ಮಧ್ಯಾಹ್ನ ಫೋನ್ ಮಾಡಿ 'ಮಿಷನ್ ಬಂತು ಕಣ್ಲಾ' ಅನ್ನುತ್ತಾನೆ. ನಾನು ಯಾವ ಗದ್ದೆ, ಎಷ್ಟು ಹೊತ್ತಿಗೆ ಮುಗಿಯುತ್ತೆ, ಒಣಗಿಸಲು ಟಾರ್ಪಾಲು ಸಾಕಾ ಅಂತ ಕೇಳುತ್ತೇನೆ. ಸಾಲದು ಅಂದರೆ ನಮ್ಮ ಸೊಪ್ಪು ಮುಚ್ಚುವ ಟಾರ್ಪಾಲು ಆಗ ಖಾಲಿಯೇ ಇರುತ್ತದೆ, ಬೆಳಿಗ್ಗೆ ಬಸ್ಸಿಗೆ ಹಾಕಿ ಕಳಿಸುತ್ತೇನೆ.