ಬಲೂನಿಗೆ ಜಾಗ ಬಿಟ್ಟು ತೆಗೆದ ಫೋಟೋಗಳು

1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದ ಮೇಲೆ, ಆ ಸ್ಟುಡಿಯೋವನ್ನೇ ನೆಚ್ಚಿಕೊಂಡಿದ್ದ ಕೆಲವರು ಬೇರೆ ದಾರಿ ನೋಡಿಕೊಂಡರು. ಅವರಲ್ಲಿ ಒಬ್ಬ ಸ್ಟಿಲ್ ಫೋಟೋಗ್ರಾಫರ್ ಜಯಲಕ್ಷ್ಮಿಪುರಂನಲ್ಲಿ ಸಣ್ಣದೊಂದು ಅಂಗಡಿ ಹಾಕಿದರು. ನಾವೆಲ್ಲ ಅವರನ್ನು ಮಾಮ ಅನ್ನುತ್ತಿದ್ದೆವು. ಮದುವೆ, ಪಾಸ್‌ಪೋರ್ಟ್ ಸೈಜ್ ಅವರ ಹೊಟ್ಟೆಪಾಡು. ಕಾಲೇಜು ಹುಡುಗರ ಗೋಡೆಪತ್ರಿಕೆಗೆ ಫೋಟೋಗಳಿಂದ ಚಿತ್ರಕಥೆ ಮಾಡಿಕೊಡುವುದು ಅವರ ಖುಷಿ. ಅದಕ್ಕೆ ಅಕ್ಷರ ಬರೆಯುವ ಕೆಲಸ ನನ್ನದು.

ಇಟಲಿಯಲ್ಲಿ 1947ರಿಂದಲೇ ಇಂಥ ಫೋಟೋ ಕಥೆಗಳ ಪತ್ರಿಕೆಗಳು ಬರುತ್ತಿದ್ದವು. ಸೋಫಿಯಾ ಲಾರೆನ್ ಸಿನಿಮಾಕ್ಕೆ ಹೆಸರಾಗುವ ಮುಂಚೆ ಅವುಗಳಲ್ಲಿ ನಟಿಸಿದ್ದವರು. ನಮಗಿದ್ದದ್ದು 36 ಫೋಟೋಗಳ ಒಂದು ರೋಲು, ಬ್ಲೇಡು, ಸ್ಟೀಲ್ ಸ್ಕೇಲು, ಅಂಟು.

ರೋಲು ದುಬಾರಿ. ಆದ್ದರಿಂದ ಮಾಮ ಕ್ಯಾಮೆರಾ ಮುಟ್ಟುವ ಮುಂಚೆ ಎ4 ಹಾಳೆಯ ಮೇಲೆ ಪುಟ ಗೀಚುತ್ತಿದ್ದರು. ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರಿಗೂ ಅಜ್ಜಿಗೂ ಆಗುವ ಜಗಳದ ಕಥೆಯನ್ನೇ ನೋಡಿ. ಮೇಲೆ ಎರಡು ಚೌಕ, ನಡುವೆ ಅಗಲವಾದದ್ದು ಒಂದು, ಕೆಳಗೆ ಮತ್ತೆರಡು. ಸುತ್ತ 10 ಮಿ.ಮೀ. ಅಂಚು, ಚೌಕಗಳ ನಡುವೆ 4 ಮಿ.ಮೀ. ಸಂದು ಬಿಟ್ಟರೆ ಸಣ್ಣ ಚೌಕ ಸುಮಾರು 93 ಮಿ.ಮೀ. ಅಗಲ, 90 ಮಿ.ಮೀ. ಎತ್ತರ ಬರುತ್ತದೆ. ಫಿಲ್ಮಿನ ಚಿತ್ರವೋ ಉದ್ದುದ್ದ, ಮೂರಕ್ಕೆ ಎರಡರ ಅಳತೆಯದು. ಆ ಚೌಕಕ್ಕೆ ಕೂರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗದಷ್ಟು ಕತ್ತರಿಸಿಹೋಗುತ್ತದೆ. "ಪಕ್ಕಕ್ಕೆ ನಿಂತವನನ್ನು ಬ್ಲೇಡು ತಿನ್ನುತ್ತೆ, ತಲೆ ಮೇಲೆ ಜಾಗ ಬಿಡದಿದ್ದರೆ ಮಾತು ತಿನ್ನುತ್ತೆ" ಅನ್ನುತ್ತಿದ್ದರು. ಹಾಗಾಗಿ ಮುಖಗಳನ್ನು ನಡುವೆ ಒಟ್ಟಿಗೆ ನಿಲ್ಲಿಸಿ, ಮೇಲಿನ ಮೂರನೇ ಒಂದು ಭಾಗವನ್ನು ಬರಿ ಗೋಡೆಗೋ ಆಕಾಶಕ್ಕೋ ಬಿಟ್ಟು ತೆಗೆಯುತ್ತಿದ್ದರು.

ಮೊದಲು ಮಾತಾಡುವವರು ಎಡಕ್ಕೆ ನಿಲ್ಲಬೇಕು. ಒಂದು ಫೋಟೋದಲ್ಲಿ ಕಂಡಕ್ಟರ್ ಬಲಗಡೆ ಬಂದಿದ್ದ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿಸೋಣವೇ ಎಂದು ಒಬ್ಬ ಹುಡುಗ ಕೇಳಿದ. ಹಾಕಿಸಿದರೆ ಅಜ್ಜಿಯ ಸೆರಗು ಬಲ ಹೆಗಲಿಗೆ ಹೋಗುತ್ತದೆ, ಬಸ್ಸಿನ ಬೋರ್ಡು ಕನ್ನಡಿಯ ಬರಹವಾಗುತ್ತದೆ. ಮಾಮ ಫೋಟೋ ಮುಟ್ಟಲಿಲ್ಲ. ಕಂಡಕ್ಟರನ "ಚಿಲ್ರೆ ಇಲ್ವಾ ಅಜ್ಜಿ?" ಬಲೂನನ್ನು ಚೌಕದ ನೆತ್ತಿಗೆ ಏರಿಸಿ, ಅಜ್ಜಿಯ "ನಿನ್ನ ಚೀಲದಲ್ಲಿರೋದೇನಪ್ಪ?" ಎಂಬುದನ್ನು ಎಡಕ್ಕೆ ಒಂದು ಮೆಟ್ಟಿಲು ಕೆಳಗಿಟ್ಟರು. ಓದುವ ಕಣ್ಣು ಮೇಲಿನದನ್ನೇ ಮೊದಲು ಹಿಡಿಯುತ್ತದೆ. ಬಲೂನಿನ ಬಾಲಗಳು ಒಂದನ್ನೊಂದು ದಾಟಬಾರದು, ಅಷ್ಟೇ. ಬಾಲವೂ ಬಾಯಿಯ ತನಕ ಬೇಡ, ಆ ಕಡೆ ತೋರಿಸಿ ಅರ್ಧ ದಾರಿಯಲ್ಲಿ ನಿಂತರೆ ಸಾಕು.

ನನ್ನ ಕಷ್ಟ ಬೇರೆ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಹೇಳುವುದಾದರೆ 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲಂತರ ಬೇಕೇ ಬೇಕು. ಪದಗಳೂ ಉದ್ದ. "ಕೊಡಬೇಕಾಗಿತ್ತಲ್ಲ" ಒಂದೇ ಸಾಲನ್ನು ನುಂಗುತ್ತದೆ. ಅದನ್ನು ನಡುವೆ ಮುರಿಯುವ ಬದಲು "ಕೊಡ್ಬೇಕಿತ್ತು" ಎಂದು ಆಡುಮಾತಿಗೆ ಇಳಿಸಿದರೆ ಬಲೂನೂ ಚಿಕ್ಕದಾಗುತ್ತದೆ, ಪಾತ್ರಕ್ಕೂ ಜೀವ ಬರುತ್ತದೆ. ಮೊದಲು ಅಕ್ಷರ ಬರೆದು, ಆಮೇಲೆ ಅದರ ಸುತ್ತ ಬಲೂನಿನ ಗೆರೆ ಎಳೆಯುವುದು ನಮ್ಮ ಕ್ರಮ. ಬಲೂನು ಬರೆದು ಮಾತು ತುರುಕುವವರ ಪುಟ ದೂರದಿಂದಲೇ ಗೊತ್ತಾಗುತ್ತದೆ: ಕೊನೆಯ ಪದ ಕುಗ್ಗಿರುತ್ತದೆ.

2000ದ ನಂತರ ನಮ್ಮಲ್ಲಿ ಬ್ಲೇಡು ಹೋಗಿ ಪೇಜ್‌ಮೇಕರ್, ಬರಹ, ನುಡಿ ಬಂದವು. ಅಕ್ಷರ ಅಂದವಾಯಿತು, ತಿದ್ದುವುದು ಸುಲಭವಾಯಿತು. ಅದನ್ನು ನಾನು ಬೈಯುವುದಿಲ್ಲ. ಆದರೆ ಹಳೆಯ ನುಡಿ ಫಾಂಟಿನ ಫೈಲು ಆ ಫಾಂಟಿಲ್ಲದ ಪ್ರೆಸ್ಸಿಗೆ ಹೋದರೆ ಅಜ್ಜಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಲ್ಲಿ ಬೈಯುತ್ತಿದ್ದಳು. ಯೂನಿಕೋಡ್ ಬಂದಾಗ ಅದು ತಪ್ಪಿತು, ಬದಲಿಗೆ ಒತ್ತುಗಳು ಕಳಚಿ "ಚಿಲ್ರೆ" ಎಂಬುದು "ಚಿಲ್‌ರೆ" ಎಂದು ಬಿದ್ದುಕೊಳ್ಳುತ್ತಿತ್ತು. ಇನ್‌ಡಿಸೈನ್‌ನಲ್ಲಿ ಇದಕ್ಕೆ ಮದ್ದು ಪ್ಯಾರಾಗ್ರಾಫ್ ಪಟ್ಟಿಯ `Adobe World-Ready Paragraph Composer`. ಅದನ್ನು ಆರಿಸಿದರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ. ಪ್ರೆಸ್ಸಿಗೆ ಕೊಡುವ ಪಿಡಿಎಫ್‌ನಲ್ಲಿ ಫಾಂಟು ಸೇರಿದೆಯೇ ಎಂದು ನೋಡಿಕೊಂಡರೆ ಮುಗಿಯಿತು.

ಮೊಬೈಲ್ ಬಂದ ಮೇಲೆ ಕೆಟ್ಟದ್ದು ಫೋಟೋ. ಹುಡುಗರು ರಾಶಿ ರಾಶಿ ತೆಗೆದು ತರುತ್ತಾರೆ, ಎಲ್ಲದರಲ್ಲೂ ಮುಖವೇ ತುಂಬಿರುತ್ತದೆ. ಆಮೇಲೆ ಬಲೂನನ್ನು ಹಣೆಯ ಮೇಲೋ ಭುಜದ ಮೇಲೋ ಅಂಟಿಸುತ್ತಾರೆ. ಮೇಲೆ ಗೋಡೆಯನ್ನು ಕ್ಲೋನ್ ಮಾಡಿ ಬೆಳೆಸಿದರೆ ಇಟ್ಟಿಗೆಯ ಕಲೆ ಎರಡೆರಡು ಸಲ ಕಂಡು ಗುಟ್ಟು ಬಿಟ್ಟುಕೊಡುತ್ತದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಮಾತು ಬರೆಯಿರಿ, ಚೌಕ ಗೀಚಿ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆಯಿರಿ.