ಕೊನೆಯ ಕಂತು ಕಟ್ಟಿದ ಮೇಲೆ

ಗುರುವಾಯನಕೆರೆ ಹತ್ತಿರದ ನನ್ನ ಭಾವ ಮನೆ ಸಾಲದ ಕೊನೆಯ ಕಂತು ಕಟ್ಟಿ ಬಂದವರೇ "ಇನ್ನೆಂತ ಇಲ್ಲ ಮಾರಾಯ, ಮುಗೀತು" ಅಂದರು. ನಾನು ಕೇಳಿದ್ದು ಒಂದೇ: ಫಾರ್ಮ್ 10 ಕೈಗೆ ಬಂತಾ?

ನಮ್ಮ ಕಡೆಯವರಿಗೆ ಈ ಪ್ರಶ್ನೆ ಯಾಕೆ ಅಂತ ಗೊತ್ತು. ಭೂಸುಧಾರಣೆಯಲ್ಲಿ ಅಜ್ಜ ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಳಿಯಲ್ಲಿ ಗೆದ್ದು ಪಡೆದ ಜಾಗಕ್ಕೆ ಮೂಲ ಆಧಾರ ಆ ಒಂದು ಹಾಳೆ. ಭಾವನ ಮನೆ ನಿಂತಿರುವ ಕನ್ವರ್ಷನ್ ಆದ ಹತ್ತು ಸೆಂಟ್ಸಿಗೂ, ಸುತ್ತಲಿನ ಅಡಿಕೆ ತೋಟಕ್ಕೂ ಅದೇ ಫಾರ್ಮ್ 10. ತಂಗಿಯ ಪಾಲು ಕೊಡುವ ಮಾತು ನಡೀತಾ ಇತ್ತು, ಅದಿಲ್ಲದೆ ವಕೀಲರು ಮುಂದೆ ಹೋಗುವುದಿಲ್ಲ ಅಂದಿದ್ದರು.

ಮೊದಲು ತಿಳಿದ ವಿಷಯ, ಕೊನೆಯ ಕಂತು ಕಟ್ಟಿದರೂ ಖಾತೆ ಮುಚ್ಚಿರಲಿಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ₹1,340 ಉಳಿದಿತ್ತು. ಅದನ್ನೂ ಕಟ್ಟಿ, ಬಾಕಿ ಸೊನ್ನೆ ಎಂದು ತೋರಿಸುವ ಸ್ಟೇಟ್‌ಮೆಂಟ್ ತೆಗೆದುಕೊಂಡು, ಬೇಬಾಕಿ ಪತ್ರ ಮತ್ತು ಮೂಲ ದಾಖಲೆ ಕೊಡಿ ಎಂದು ಅರ್ಜಿ ಬರೆದು, ಅದರ ನಕಲಿನ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡೆವು. ಬಾಯಲ್ಲಿ ಹೇಳಿ ಬಂದರೆ ಯಾವ ದಿನದಿಂದ ಲೆಕ್ಕ ಅಂತ ಸಾಧಿಸುವುದು ಕಷ್ಟ.

ದಿನದ ಲೆಕ್ಕ ಯಾಕೆ ಅಂದರೆ, ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಒಂದು ಸುತ್ತೋಲೆ ಹೊರಡಿಸಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ದಾಖಲೆ ಹಿಂದಿರುಗಿಸಬೇಕು, ನೋಂದಣಿಯಾದ ಋಣವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ದಾಖಲೆ ಕಳೆದುಹೋದರೆ ದೃಢೀಕೃತ ನಕಲು ಪಡೆಯಲು ಬ್ಯಾಂಕೇ ನೆರವಾಗಿ ಖರ್ಚು ಭರಿಸಬೇಕು, ಆಗ ಅವರಿಗೆ ಇನ್ನೂ 30 ದಿನ ಸಿಗುತ್ತದೆ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿ ಉಂಟು. ಆದರೆ ಇದು ಮನೆ ಸಾಲದಂಥ ವೈಯಕ್ತಿಕ ಸಾಲಗಳಿಗೆ. ಬೆಳೆ ಸಾಲಕ್ಕೆ ಇದನ್ನು ಹಿಡಿದು ವಾದ ಮಾಡಲು ಆಗುವುದಿಲ್ಲ. ರೈತರನ್ನೇ ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ, ಆದರೆ ಇರುವುದು ಹಾಗೆ.

ಇಪ್ಪತ್ತು ದಿನದ ಮೇಲೆ ಫೋನ್ ಬಂತು. ಕೌಂಟರಿನಲ್ಲಿ ಲಕೋಟೆ ಕೊಟ್ಟು "ಎಲ್ಲ ದಾಖಲೆ ಪಡೆದಿದ್ದೇನೆ" ಎಂಬ ರಸೀದಿಗೆ ಸಹಿ ಕೇಳಿದರು. ಭಾವ ಸಾಲ ತೆಗೆಯುವಾಗ ಕೊಟ್ಟ ದಾಖಲೆಗಳ ಪಟ್ಟಿಯ ನಕಲು ಇಟ್ಟುಕೊಂಡಿದ್ದರು. ಅಲ್ಲೇ ಕೂತು ಒಂದೊಂದಾಗಿ ತಾಳೆ ನೋಡಿದೆವು. ಪಟ್ಟಿಯಲ್ಲಿ ಆರು, ಲಕೋಟೆಯಲ್ಲಿ ಐದು. ಇಲ್ಲದ್ದು ಫಾರ್ಮ್ 10! ಅದರ ಜಾಗದಲ್ಲಿ ಜೆರಾಕ್ಸ್ ಇತ್ತು.

"ಸಹಿ ಹಾಕಿ ಹೋಗಿ, ಹುಡುಕಿ ಹೇಳ್ತೇವೆ" ಅಂದರು. ಭಾವ "ಆಗುದಿಲ್ಲ ಸಾರ್" ಎಂದು, ರಸೀದಿಯಲ್ಲಿ ಐದು ದಾಖಲೆಗಳ ಹೆಸರು ಬರೆದು, ಫಾರ್ಮ್ 10 ಮೂಲಪ್ರತಿ ಬಂದಿಲ್ಲ ಎಂದು ಕೆಳಗೆ ನಮೂದಿಸಿ ಸಹಿ ಹಾಕಿದರು. ಆರು ದಿನದಲ್ಲಿ ಹಾಳೆ ಸಿಕ್ಕಿತು. ಅದೇ ಶಾಖೆಯಲ್ಲಿ ಎರಡು ವರ್ಷದ ಹಿಂದೆ ತೀರಿಸಿದ್ದ ಬೆಳೆ ಸಾಲದ ಫೈಲಿನೊಳಗೆ ಇತ್ತು. ಒಂದೇ ಮೂಲಪತ್ರದ ಮೇಲೆ ಎರಡು ಸಾಲ ಇದ್ದರೆ ಹೀಗೆ ಆಗುವುದುಂಟು. ಎರಡನೆಯ ಸಾಲ ತೀರದಿದ್ದರೆ ಅದನ್ನು ಕೊಡುತ್ತಲೂ ಇರಲಿಲ್ಲ.

ಆ ಫೈಲಿನಿಂದ ಇನ್ನೊಂದು ವಿಷಯ ಹೊರಬಿತ್ತು. ಮನೆ ಸಾಲದ ಅಡಮಾನಕ್ಕೆ ಬೆಳ್ತಂಗಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಡುಗಡೆ ಪತ್ರ ನೋಂದಣಿ ಆಯ್ತು. ಹೊಸ ಇ.ಸಿ. ತೆಗೆದಾಗ ಅಡಮಾನದ ನಮೂದು ಹಾಗೆಯೇ ಇದ್ದದ್ದು ಕಂಡು ಅಕ್ಕ ಹೆದರಿದರು. ಹೆದರಬೇಕಾಗಿಲ್ಲ. ಇ.ಸಿ.ಯಲ್ಲಿ ಹಳೆಯದು ಅಳಿಯುವುದಿಲ್ಲ, ಕೆಳಗೆ ಬಿಡುಗಡೆಯ ನಮೂದು ಬಂದಿದೆಯಾ ಅಂತ ನೋಡಬೇಕು. ಬಂದಿತ್ತು. ಆದರೆ ತೋಟದ ಪಹಣಿಯ 11ನೇ ಕಾಲಂನಲ್ಲಿ ಬೆಳೆ ಸಾಲದ ಋಣ ಹಾಗೆಯೇ ಕೂತಿತ್ತು. ಬೆಳೆ ಸಾಲಕ್ಕೆ ನಾವು ಸಹಿ ಹಾಕಿದ ಘೋಷಣೆಯ ಮೇಲೆ ಋಣ ದಾಖಲಾಗಿ ಪಹಣಿಗೆ ಬರುತ್ತದೆ. ಸಾಲ ತೀರಿದೆ ಎಂದು ಬ್ಯಾಂಕ್ ಕಳಿಸದೆ ಅದು ತಾನಾಗಿ ಹೋಗುವುದಿಲ್ಲ. ಇಲ್ಲಿ ಕಳಿಸಿಯೇ ಇರಲಿಲ್ಲ. ಬೇಬಾಕಿ ಪತ್ರ ಮಾತ್ರ ಎರಡು ವರ್ಷದಿಂದ ಭಾವನ ಕಪಾಟಿನಲ್ಲಿ ಭದ್ರವಾಗಿತ್ತು.

ಅದರ ನಕಲು ಮತ್ತು ಪಹಣಿ ಇಟ್ಟು ಮತ್ತೊಂದು ಅರ್ಜಿ ಕೊಟ್ಟು ಸೀಲು ಹಾಕಿಸಿದ್ದೇವೆ. 30 ದಿನದ ನಿಯಮದ ಬಲ ಇದಕ್ಕಿಲ್ಲವಾದ್ದರಿಂದ ಭಾವ ವಾರಕ್ಕೊಮ್ಮೆ ಶಾಖೆಗೆ ಹೋಗಿ ಕೇಳುತ್ತಿದ್ದಾರೆ. ಕಾಲಂ ಖಾಲಿಯಾದ ಪಹಣಿ ಸಿಕ್ಕಿದ ದಿನ ವಿಭಾಗಪತ್ರಕ್ಕೆ ತಾರೀಕು ಇಡುವುದು ಅಂತ ತಂಗಿಗೆ ಹೇಳಿ ಆಗಿದೆ.