ಮೊದಲ ಎರಡು ಸ್ವರ

ಸುಗಮ ಸಂಗೀತಕ್ಕೆ ಕೀಬೋರ್ಡ್ ನುಡಿಸಲು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡಾಡುತ್ತಿದ್ದ ದಿನಗಳಲ್ಲಿ ನನ್ನ ಕಿವಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಯಾವ ಎರಡು ಸ್ವರ ಕೇಳಿದರೂ ಅವುಗಳ ನಡುವಿನ ಅಂತರ ಹೇಳುತ್ತಿದ್ದೆ. ಕಲಿತದ್ದು ಪಾಶ್ಚಾತ್ಯ ಸಂಗೀತದವರ ದಾರಿಯಲ್ಲಿ: ಒಂದೊಂದು ಅಂತರಕ್ಕೂ ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಎತ್ತುಗಡೆಯನ್ನು ಗುರುತಿಟ್ಟುಕೊಳ್ಳುವುದು. ‘ಟ್ವಿಂಕಲ್ ಟ್ವಿಂಕಲ್’ ಶುರುವಾಗುವುದು ಸ ಸ ಪ ಪ ಎಂದು, ಹಾಗಾಗಿ ಷಡ್ಜ–ಪಂಚಮದ ಅಂತರಕ್ಕೆ ಅದು. ಕರಿ ಬಿಳಿ ಸೇರಿಸಿ ಎಣಿಸಿದರೆ ಐದು ಕೀ ಮೇಲಕ್ಕೆ ನೆಗೆಯುವ ಅಂತರಕ್ಕೆ ಚರ್ಚಿನ ಮದುವೆಗಳಲ್ಲಿ ವಧು ಒಳಗೆ ಬರುವಾಗ ನುಡಿಸುವ ರಾಗ. ಅದು ವಾಗ್ನರ್‌ನ ‘ಲೋಹೆನ್‌ಗ್ರಿನ್’ ಒಪೆರಾದ್ದು, 1850ರದ್ದು.

ಆ ಮದುವೆಯ ರಾಗವೇ ನನ್ನನ್ನು ದಾರಿ ತಪ್ಪಿಸಿತು.

ಕಾರ್ಯಕ್ರಮದ ಹಿಂದಿನ ಸಂಜೆ ತಾಲೀಮು. ಗಾಯಕಿ ಹೊಸದಾಗಿ ರಾಗ ಹಾಕಿದ ಒಂದು ಭಾವಗೀತೆ ಎತ್ತಿಕೊಂಡರು. ತಂಬೂರಿ ಪೆಟ್ಟಿಗೆ ಇನ್ನೂ ಚೀಲದಲ್ಲೇ ಇತ್ತು. ಶ್ರುತಿ ಯಾವುದೆಂದು ನಾನೂ ಕೇಳಲಿಲ್ಲ. ಮೊದಲ ಸ್ವರದಿಂದ ಎರಡನೆಯದಕ್ಕೆ ಐದು ಕೀ ನೆಗೆತ; ತಲೆಯಲ್ಲಿ ಮದುವೆಯ ರಾಗ ತಟ್ಟನೆ ಹೊಳೆಯಿತು. ಆ ರಾಗದಲ್ಲಿ ಕೆಳಗಿನದು ಪಂಚಮ, ಮೇಲಿನದು ಷಡ್ಜ. ಇಲ್ಲೂ ಹಾಗೇ ಎಂದುಕೊಂಡು ಮೇಲಿನ ಸ್ವರವನ್ನೇ ಷಡ್ಜ ಮಾಡಿಕೊಂಡೆ. ಅವರು ಹಾಡುತ್ತಿದ್ದದ್ದು ಐದು ಮನೆ ಶ್ರುತಿಯಲ್ಲಿ, ಅಂದರೆ ಅವರ ಷಡ್ಜ ‘ಜಿ’. ಎತ್ತುಗಡೆ ಷಡ್ಜದಿಂದ ಮಧ್ಯಮಕ್ಕೆ. ಆ ಮಧ್ಯಮ ‘ಸಿ’. ನಾನು ಒಂದು ಮನೆ ಶ್ರುತಿಯಲ್ಲಿ ಕೂತುಬಿಟ್ಟಿದ್ದೆ.

ವಿಚಿತ್ರವೆಂದರೆ ಪಲ್ಲವಿ ಮುಗಿಯುವವರೆಗೂ ಯಾರಿಗೂ ಏನೂ ಕಿರಿಕಿರಿಯಾಗಲಿಲ್ಲ. ನಾನು ಎಡಗೈಯಲ್ಲಿ ಹಿಡಿದಿದ್ದ ಸ–ಪ, ಅಂದರೆ ‘ಸಿ’ ಮತ್ತು ‘ಜಿ’, ಅವರಿಗೆ ಮಧ್ಯಮ ಮತ್ತು ಷಡ್ಜ. ಕೂಡಿಕೊಂಡೇ ಕೇಳುತ್ತವೆ. ಹಾಡು ಶಂಕರಾಭರಣದ ಸ್ವರಗಳಲ್ಲಿತ್ತು. ಅವರ ಏಳು ಸ್ವರಗಳಿಗೂ ನನ್ನ ಏಳಕ್ಕೂ ವ್ಯತ್ಯಾಸ ಒಂದೇ ಒಂದು ಕೀ: ಅವರ ನಿಷಾದ ‘ಎಫ್ ಶಾರ್ಪ್’, ಆ ಜಾಗದಲ್ಲಿ ನನ್ನದು ‘ಎಫ್’. ಪಲ್ಲವಿಯಲ್ಲಿ ನಿಷಾದ ಬರಲಿಲ್ಲ. ಚರಣದಲ್ಲಿ ಅವರು ಮೇಲಿನ ಷಡ್ಜದಿಂದ ನಿಷಾದಕ್ಕೆ ಇಳಿದು ನಿಂತರು, ನಾನು ‘ಎಫ್’ ಒತ್ತಿದೆ. ಅವರು ಹಾಡು ನಿಲ್ಲಿಸಿ, “ಶ್ರುತಿ ಎಲ್ಲಿದೆ ಸರ್?” ಎಂದರು. ನಾನು ಅವರ ಸ್ವರವೇ ಜಾರಿತೆಂದು ವಾದಿಸಿದೆ. ಮರುದಿನ ಆ ಹಾಡಿಗೆ ಬೇರೆಯವರು ಹಾರ್ಮೋನಿಯಂ ನುಡಿಸಿದರು.

ಅಂತರವನ್ನು ನಾನು ಸರಿಯಾಗಿಯೇ ಗುರುತಿಸಿದ್ದೆ. ಆದರೆ ಹಾಡಿನ ನೆನಪು ಅಂತರವೊಂದನ್ನೇ ತರುವುದಿಲ್ಲ, ತನ್ನ ಷಡ್ಜವನ್ನೂ ಜೊತೆಗೆ ತರುತ್ತದೆ. ‘ಜನಗಣಮನ’ ಎತ್ತುವುದು ಸ–ರಿ ಎಂದು. ಪಾಠಕ್ಕೆ ಸೇರಿದ ಮಕ್ಕಳೆಲ್ಲ ಹಾಡುವ ಪುರಂದರದಾಸರ ‘ಶ್ರೀ ಗಣನಾಥ’ ಮಲಹರಿಯಲ್ಲಿ ಮ–ಪ ಎಂದು. ಎರಡರ ಮೊದಲ ಹೆಜ್ಜೆಯೂ ಎರಡೇ ಕೀ, ಆದರೂ ಹಾಡಿಕೊಂಡಾಗ ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ. ಒಂದು ಷಡ್ಜವನ್ನು ಬಿಟ್ಟು ಹೊರಡುತ್ತದೆ, ಇನ್ನೊಂದು ಪಂಚಮದ ಮೇಲೆ ಕಾಲಿಡುತ್ತದೆ.

ಭದ್ರಾವತಿಯಲ್ಲಿ ಪಿಟೀಲು ಹೇಳಿಕೊಡುತ್ತಿದ್ದ ಹಿರಿಯರೊಬ್ಬರ ಬಳಿ ಇದನ್ನೆಲ್ಲ ತೋಡಿಕೊಂಡೆ. ಅವರು ಆಕಾಶವಾಣಿಯ ಬೆಳಗಿನ ಸಂಕೇತ ರಾಗವನ್ನು ನೆನಪಿಸಿದರು. ವಾಲ್ಟರ್ ಕೌಫ್‌ಮನ್ ಶಿವರಂಜನಿಯಲ್ಲಿ ಮಾಡಿದ ಆ ರಾಗದಲ್ಲಿ ಮೊದಲು ತಂಬೂರಿ, ಆಮೇಲೆ ಪಿಟೀಲು. “ಮೊದಲು ಮನೆ ತೋರಿಸ್ತಾರೆ, ಆಮೇಲೆ ಓಡಾಡ್ತಾರೆ. ನೀನು ಮನೆ ನೋಡ್ದೇ ಓಡಾಡಿದೀಯ” ಎಂದರು.

ಅವರು ಮಾಡಿಸಿದ್ದು ಇಷ್ಟೆ. ತಂಬೂರಿ ಹಾಕಿಕೊಂಡು, ಶಂಕರಾಭರಣದಲ್ಲಿ ಐದು ಕೀ ನೆಗೆತಗಳನ್ನೆಲ್ಲ ಹಾಡುವುದು: ಸ–ಮ, ರಿ–ಪ, ಗ–ದ, ಪ–ಸ. ಪ್ರತಿ ಜೋಡಿಯ ನಂತರ ಷಡ್ಜಕ್ಕೆ ಬಂದು ನಿಲ್ಲಬೇಕು. ಪ–ಸ ಹಾಡಿದರೆ ಅಲ್ಲೇ ನಿಲ್ಲಬಹುದು. ಸ–ಮ ಹಾಡಿದರೆ ಮಧ್ಯಮ ಗಾಂಧಾರಕ್ಕೆ ಇಳಿಯಲು ಎಳೆಯುತ್ತದೆ. ಆ ಎಳೆತ ಕೇಳಿದ ಮೇಲೆ ಎರಡನ್ನೂ ಒಂದೇ ಎನ್ನಲು ನನಗೆ ಸಾಧ್ಯವಾಗಲಿಲ್ಲ. ನಂತರ ಮಾಯಾಮಾಳವಗೌಳದ ದಾಟು ವರಸೆ. ಮೊದಲ ಸಾಲಿನ ಸ–ಮ ಐದು ಕೀ. ಎರಡನೆಯ ಸಾಲಿನ ರಿ–ಪ ಬರೆದಾಗ ಅದೇ ನೆಗೆತದಂತೆ ಕಂಡರೂ, ರಿಷಭ ಶುದ್ಧವಾದ್ದರಿಂದ ಆರು ಕೀ. ಚಿಕ್ಕಂದಿನಲ್ಲಿ ಅದನ್ನು ಎಷ್ಟೋ ಸಲ ಹಾಡಿದ್ದೆ, ಅಳತೆ ಮಾತ್ರ ಗಮನಿಸಿರಲಿಲ್ಲ.

ಹಾಡುಗಳ ಪಟ್ಟಿಯನ್ನು ನಾನು ಬಿಟ್ಟಿಲ್ಲ, ಅಪರಿಚಿತ ನೆಗೆತವನ್ನು ಬೇಗ ಹಿಡಿಯಲು ಅದು ಈಗಲೂ ಬೇಕಾಗುತ್ತದೆ. ಪ್ರತಿ ಹಾಡಿನ ಪಕ್ಕದಲ್ಲಿ ಅದರ ಸ್ವರಗಳ ಹೆಸರು ಬರೆದಿದ್ದೇನೆ. ಐದು ಕೀಗೆ ಪ–ಸ ಎಂದು ಎತ್ತುವ ಹಾಡೊಂದು, ಸ–ಮ ಎಂದು ಎತ್ತುವುದೊಂದು. ಏರುವ ಹಾಡು ಇಳಿಯುವ ನೆಗೆತಕ್ಕೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಇಳಿಕೆಗೆ ಪಟ್ಟಿಯೇ ಬೇರೆ. ನನ್ನ ಬಳಿ ಕಲಿಯಲು ಬರುವ ಮಕ್ಕಳಿಗೆ ಎರಡು ಸ್ವರ ನುಡಿಸಿ ಅಂತರ ಕೇಳುವ ಮೊದಲು, “ಷಡ್ಜ ಹಾಡಪ್ಪ” ಎನ್ನುತ್ತೇನೆ.